ಡಾಕ್ಟರರ ಮಾತು ಒಂದು ಹಾಳೆಯಲ್ಲಿ



ಡಾಕ್ಟರರ ಕೋಣೆಯಿಂದ ಹೊರಗೆ ಬಂದ ರೋಗಿ ಅಲ್ಲಿ ಕೇಳಿದ್ದರಲ್ಲಿ ಎಷ್ಟನ್ನು ನೆನಪಿಟ್ಟುಕೊಂಡಿರುತ್ತಾನೆ? 2003ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ ನೂರರಲ್ಲಿ 40ರಿಂದ 80ರಷ್ಟು ಮಾಹಿತಿ ಕೂಡಲೇ ಮರೆತುಹೋಗುತ್ತದೆ. ಗಡಿನಾಡಿನ ನಮಗೆ ಇನ್ನೊಂದು ತೊಡಕೂ ಇದೆ. ಮನೆಯ ಮಾತು ಕನ್ನಡ, ತುಳು ಅಥವಾ ಕೊಂಕಣಿ. ಆರೋಗ್ಯ ಕೇಂದ್ರದ ಡಾಕ್ಟರರ ಮಾತು ಹೆಚ್ಚಾಗಿ ಮಲಯಾಳ. ಔಷಧಿ ಚೀಟಿ ಇಂಗ್ಲಿಷಿನಲ್ಲಿ. ಮೂರು ಭಾಷೆಗಳ ನಡುವೆ ಒಂದು ಮಾತ್ರೆ ದಾರಿ ತಪ್ಪುವುದು ಕಷ್ಟವಲ್ಲ.

ಈಗ ಹೆಚ್ಚಿನ ಮನೆಗಳಲ್ಲಿ ಮಾತನ್ನು ಮುದ್ರಿಸಿಕೊಳ್ಳುವ ಫೋನ್ ಇದೆ. ಮಗನೋ ಸೊಸೆಯೋ ಡಾಕ್ಟರರ ಮಾತನ್ನು ರೆಕಾರ್ಡ್ ಮಾಡಿ ತರುತ್ತಾರೆ. ಆದರೆ ಹತ್ತು ನಿಮಿಷದ ಆ ರೆಕಾರ್ಡನ್ನು ವಯಸ್ಸಾದ ತಾಯಿ ದಿನವೂ ಬೆಳಿಗ್ಗೆ ಕೇಳಿ ಮಾತ್ರೆ ತೆಗೆದುಕೊಳ್ಳುವುದುಂಟೇ? ಅದನ್ನು ಗೋಡೆಗೆ ಅಂಟಿಸಬಹುದಾದ ಒಂದು ಹಾಳೆಯಾಗಿ ಇಳಿಸಬೇಕು. ಇಳಿಸುವಾಗ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು, ಎಲ್ಲಿ ತಪ್ಪು ನುಸುಳುತ್ತದೆ ಎಂಬುದೇ ಈ ಸಲದ ಪಾಠ.

ರೆಕಾರ್ಡ್ ಮಾಡುವಾಗ

ಮೊದಲನೆಯದಾಗಿ, ಒಪ್ಪಿಗೆ ಕೇಳಬೇಕು. "ಡಾಕ್ಟ್ರೇ, ಅಮ್ಮನಿಗೆ ಮನೆಯಲ್ಲಿ ಹೇಳಿಕೊಡಲು ನಿಮ್ಮ ಮಾತನ್ನು ರೆಕಾರ್ಡ್ ಮಾಡಿಕೊಳ್ಳಲೇ?" ಎಂದು ಕೇಳಿದರೆ ಸಾಕು. ಕಳ್ಳತನದಲ್ಲಿ ಮಾಡಿದರೆ ನಂಬಿಕೆ ಹೋಗುತ್ತದೆ. ಮುಂದೆ ಸಂದೇಹ ಬಂದಾಗ ಫೋನ್ ಮಾಡಿ ಕೇಳುವ ದಾರಿಯೂ ಮುಚ್ಚುತ್ತದೆ. ಅವರು ಬೇಡವೆಂದರೆ ಕಾಗದ, ಪೆನ್ನು ಹಿಡಿಯಿರಿ. ಒಪ್ಪಿದರೆ ಫೋನನ್ನು ಜೇಬಿನಲ್ಲಿಡದೆ ಮೇಜಿನ ಮೇಲೆ ಅವರಿಗೆ ಹತ್ತಿರವಾಗಿ ಇಡಿ. ಡಾಕ್ಟರರು ಬೆರಳಿನಿಂದ ತೋರಿಸಿ "ಇದು ಬೇಡ, ಅದು ಸಾಕು" ಎಂದಾಗ ನೀವು ಬಾಯಿಬಿಟ್ಟು "ಯಾವುದು, ಕಾಲು ಬಾವಿನ ಮಾತ್ರೆಯೇ?" ಎಂದು ಕೇಳಿ. ಬೆರಳು ತೋರಿಸಿದ್ದು ರೆಕಾರ್ಡಿನಲ್ಲಿ ಕೇಳಿಸುವುದಿಲ್ಲ.

ಮೂರು ಸಲ ಕೇಳಬೇಕು

ಅದೇ ದಿನ ಸಂಜೆಯೊಳಗೆ ಕುಳಿತು ರೆಕಾರ್ಡನ್ನು ಮೂರು ಸಲ ಕೇಳಿ. ಮೊದಲ ಸಲ ಪೆನ್ನು ಹಿಡಿಯಬೇಡಿ, ಪೂರ್ತಿ ಕೇಳಿ. ಇದಕ್ಕೆ ಕಾರಣವಿದೆ. ಡಾಕ್ಟರರು ಮಾತಿನ ನಡುವೆ ಮನಸ್ಸು ಬದಲಾಯಿಸುತ್ತಾರೆ. ಮೊದಲು ಹೇಳಿದ್ದನ್ನು ಬರೆದುಕೊಂಡವನು ಕೊನೆಗೆ ಹೇಳಿದ್ದನ್ನೂ ಸೇರಿಸಿ ಬರೆದರೆ ಒಂದು ಔಷಧಿ ಎರಡಾಗುತ್ತದೆ.

ಎರಡನೆಯ ಸಲ ಕೇಳುವಾಗ ಬರೆಯಿರಿ. ಮಾಡು, ಬೇಡ, ನಿಲ್ಲಿಸು, ಇಂಥ ದಿನ ಬಾ, ಹೀಗಾದರೆ ಹೀಗೆ ಮಾಡು ಎಂಬ ಆದೇಶದ ವಾಕ್ಯಗಳನ್ನು ಮಾತ್ರ ಬರೆಯಿರಿ. ಮೂರನೆಯ ಸಲ ಔಷಧಿ ಚೀಟಿಯನ್ನೂ, ಮೆಡಿಕಲ್ ಶಾಪಿನಿಂದ ತಂದ ಮಾತ್ರೆಗಳನ್ನೂ ಎದುರಿಗಿಟ್ಟು ಹೋಲಿಸಿ ನೋಡಿ. ಮಾತು, ಚೀಟಿ, ಮಾತ್ರೆಯ ಪಟ್ಟಿ ಈ ಮೂರೂ ಒಂದೇ ಹೇಳಬೇಕು. ಒಂದು ಬೇರೆ ಹೇಳಿದರೆ ನಾವು ತೀರ್ಮಾನ ಮಾಡುವಂತಿಲ್ಲ, ಕೇಳಿಯೇ ತಿಳಿಯಬೇಕು.

ಮಲಯಾಳದಲ್ಲಿ ಆಡಿದ ಮಾತಾದರೆ ಕೆಲವು ಪದಗಳಲ್ಲಿ ಕಿವಿ ಮೋಸಹೋಗುತ್ತದೆ. "ಭಕ್ಷಣತ್ತಿನು ಮುಂಬ್" ಎಂದರೆ ಊಟಕ್ಕೆ ಮೊದಲು. ಕನ್ನಡದ ಕಿವಿಗೆ ಅದು 'ಮುಂದೆ' ಎಂದು, ಅಂದರೆ ಊಟವಾದ ಮೇಲೆ ಎಂಬಂತೆ ಕೇಳಿಸಬಹುದು. "ಶೇಷಂ" ಎಂದರೆ ಅನಂತರ. ನಮಗೆ ಶೇಷವೆಂದರೆ ಉಳಿದದ್ದು. "ಅರ" ಎಂದರೆ ಅರ್ಧ, "ಆರ್" ಎಂದರೆ ಆರು. ಎಲ್ಲಕ್ಕಿಂತ ಅಪಾಯದ್ದು "ವೇಣಂ" ಮತ್ತು "ವೇಂಡ": ಮೊದಲನೆಯದು ಬೇಕು, ಎರಡನೆಯದು ಬೇಡ. ಫ್ಯಾನಿನ ಸದ್ದಿನಲ್ಲಿ ಇವೆರಡೂ ಒಂದೇ ಆಗಿ ಕೇಳಿಸುತ್ತವೆ. ಈ ಪದಗಳು ಬಂದ ಕಡೆ ಎರಡು ಸಲ ಹಿಂದಕ್ಕೆ ಹೋಗಿ ಕೇಳಿ. ಇಂಗ್ಲಿಷ್ ಸಂಖ್ಯೆಗಳಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಹೀಗೆಯೇ ಗೊಂದಲ ಮಾಡುತ್ತವೆ. ಅಲ್ಲಿ ಚೀಟಿಯ ಅಂಕಿಯೇ ಸಾಕ್ಷಿ.

ಒಂದು ಉದಾಹರಣೆ

ಪಾಠ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ರಚಿಸಿಕೊಳ್ಳೋಣ. ಕಾಸರಗೋಡಿನ ಕಡೆಯ ಒಬ್ಬ ತಾಯಿ, ವಯಸ್ಸು 68. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಎರಡೂ ಇವೆ. ಅಡಕೆ ತೋಟದಲ್ಲಿ ಈಗಲೂ ಬರಿಗಾಲಿನಲ್ಲಿ ಓಡಾಡುವವರು. ಎರಡು ತೊಂದರೆಗಳೆಂದು ಸೊಸೆ ಡಾಕ್ಟರರ ಬಳಿಗೆ ಕರೆದುಕೊಂಡು ಹೋಗಿದ್ದಾಳೆ: ಮಧ್ಯಾಹ್ನದ ಹೊತ್ತಿಗೆ ಬೆವರಿ ಕಣ್ಣು ಕತ್ತಲೆ ಬರುತ್ತದೆ, ಸಂಜೆಯಾದರೆ ಪಾದ ಊದಿಕೊಳ್ಳುತ್ತದೆ. ಡಾಕ್ಟರರ ಮಾತನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ:

"ಸಕ್ಕರೆ ಮೂರು ತಿಂಗಳ ಲೆಕ್ಕದಲ್ಲಿ ಪರವಾಗಿಲ್ಲ. ಆದರೆ ಅಮ್ಮ ತಿಂಡಿ ತಡ ಮಾಡುತ್ತಾರೆ, ಅಲ್ಲವೇ? ಅದಕ್ಕೇ ಸಕ್ಕರೆ ತೀರ ಇಳಿಯುವುದು. ಗ್ಲಿಮೆಪಿರೈಡ್ 2 ಇದೆಯಲ್ಲ, ಅದನ್ನು ಅರ್ಧ ಮಾಡಿ ಕೊಡಿ. ಮೆಟ್‌ಫಾರ್ಮಿನ್ ಹಾಗೆಯೇ ಇರಲಿ. ಕಾಲು ಊದುವುದು ಅಮ್ಲೋಡಿಪಿನ್‌ನಿಂದ ಇರಬಹುದು, ಅದನ್ನು ನಿಲ್ಲಿಸಿ ಬೇರೆ ಕೊಡುತ್ತೇನೆ, ಟೆಲ್ಮಿಸಾರ್ಟಾನ್ 40, ಬೆಳಿಗ್ಗೆ ಒಂದು. ಇದು ಶುರುಮಾಡಿದ ಎರಡು ವಾರಕ್ಕೆ ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಅಲ್ಲಿಯವರೆಗೆ ದಿನವೂ ಎಳನೀರು ಬೇಡ. ಮೊಣಕಾಲಿಗೆ ಅಂಗಡಿಯ ನೋವಿನ ಮಾತ್ರೆ ತಿನ್ನಬಾರದು, ಕಿಡ್ನಿಗೆ ತೊಂದರೆ. ತೀರ ನೋವಾದರೆ ಪ್ಯಾರಾಸಿಟಮಾಲ್ 500 ಒಂದು, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ, ಆರು ಗಂಟೆ ಅಂತರ ಇರಲಿ. ಆ 2ರ ಮಾತ್ರೆ ಅರ್ಧ ಮಾಡುವುದು ಬೇಡ, ಸರಿಯಾಗಿ ತುಂಡಾಗುವುದಿಲ್ಲ. 1ರದ್ದೇ ಬರೆದಿದ್ದೇನೆ, ತಿಂಡಿಗೆ ಮುಂಚೆ. ತಿಂಡಿ ತಿನ್ನದ ದಿನ ಅದನ್ನು ಕೊಡಬೇಡಿ. ಇನ್ನೂ ಸಕ್ಕರೆ ಹಿಡಿತಕ್ಕೆ ಬಾರದಿದ್ದರೆ ಮುಂದೆ ಇನ್ಸುಲಿನ್ ಬೇಕಾಗಬಹುದು. ಕಾಲಿಗೆ ಚಪ್ಪಲಿ ಹಾಕದೆ ತೋಟಕ್ಕೆ ಹೋಗಬಾರದು. ವಾಂತಿ ಭೇದಿಯಾಗಿ ನೀರು ನಿಲ್ಲದಿದ್ದರೆ ಅದೇ ದಿನ ಫೋನ್ ಮಾಡಿ. ತಿಂಗಳು ಬಿಟ್ಟು ಬನ್ನಿ."

ಔಷಧಿ ಚೀಟಿಯಲ್ಲಿ ಮೂರು ಹೆಸರುಗಳಿವೆ: ಗ್ಲಿಮೆಪಿರೈಡ್ 1 ಮಿ.ಗ್ರಾಂ. 1-0-0, ಮೆಟ್‌ಫಾರ್ಮಿನ್ 500 ಮಿ.ಗ್ರಾಂ. 1-0-1, ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ. 1-0-0. ಈ ಮೂರು ಅಂಕಿಗಳು ಕ್ರಮವಾಗಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಷ್ಟು ಮಾತ್ರೆ ಎಂಬುದನ್ನು ಹೇಳುತ್ತವೆ.

ಈ ಮಾತಿನಲ್ಲಿ ನಾಲ್ಕು ಕಡೆ ಕಾಲು ಜಾರುತ್ತದೆ

ಮೊದಲನೆಯದು, ಗ್ಲಿಮೆಪಿರೈಡ್. ಡಾಕ್ಟರರು ಮೊದಲು ಅರ್ಧ ಎಂದರು, ಕೊನೆಗೆ ಅರ್ಧ ಬೇಡ, 1ರ ಹೊಸ ಮಾತ್ರೆ ಎಂದರು. ಚೀಟಿಯಲ್ಲಿ ಇರುವುದು 1. ಆದ್ದರಿಂದ ಹಾಳೆಗೆ ಹೋಗಬೇಕಾದದ್ದು ಕೊನೆಯ ಮಾತು ಮಾತ್ರ. ಎರಡನ್ನೂ ಬರೆದರೆ ಹಳೆಯದರ ಅರ್ಧ ಮತ್ತು ಹೊಸದೊಂದು ಸೇರಿ ಮತ್ತೆ 2 ಆಗುತ್ತದೆ, ಕಣ್ಣು ಕತ್ತಲೆ ಬರುವುದು ಹಾಗೆಯೇ ಉಳಿಯುತ್ತದೆ.

ಎರಡನೆಯದು, ನಿಲ್ಲಿಸಿದ ಔಷಧಿ. ಚೀಟಿಯಲ್ಲಿ ಅಮ್ಲೋಡಿಪಿನ್‌ನ ಹೆಸರೇ ಇಲ್ಲ. ಹೆಸರಿಲ್ಲ ಎಂದರೆ ನಿಲ್ಲಿಸಿದ್ದಾರೆ ಎಂದು ರೋಗಿಗೆ ತೋಚುವುದಿಲ್ಲ. "ಹಳೆಯದು ಇದೆಯಲ್ಲ, ಅದಕ್ಕೆ ಬರೆಯಲಿಲ್ಲ" ಎಂದುಕೊಳ್ಳುತ್ತಾರೆ. ಡಬ್ಬಿಯಲ್ಲಿ ಇನ್ನೂ ಇಪ್ಪತ್ತು ಮಾತ್ರೆ ಇದ್ದರೆ ಅದು ಮುಗಿಯುವವರೆಗೆ ನುಂಗುತ್ತಾರೆ. ಆದ್ದರಿಂದ ನಿಲ್ಲಿಸಿದ್ದನ್ನು ಹಾಳೆಯ ಮೇಲುಗಡೆಯೇ ಹೆಸರು ಹಿಡಿದು ಬರೆಯಬೇಕು. ನಮ್ಮಲ್ಲಿಗೆ ಮಾತ್ರೆಯ ಡಬ್ಬಿ ಹಿಡಿದು ಬಂದವರಲ್ಲಿ ನಾವು ಹೆಚ್ಚಾಗಿ ಕಂಡ ಗೊಂದಲ ಇದೇ.

ಮೂರನೆಯದು, 'ಆದರೆ' ಎಂಬ ಷರತ್ತು. "ತಿಂಡಿ ತಿನ್ನದ ದಿನ ಕೊಡಬೇಡಿ" ಎಂಬುದನ್ನು ಸಂಕ್ಷೇಪ ಮಾಡುವ ಭರದಲ್ಲಿ ಬಿಟ್ಟರೆ ಅಪಾಯ. ಗ್ಲಿಮೆಪಿರೈಡ್ ದೇಹದಿಂದ ಇನ್ಸುಲಿನ್ ಬಿಡಿಸುವ ಮಾತ್ರೆ. ಹೊಟ್ಟೆಗೆ ಆಹಾರ ಬೀಳದಿದ್ದರೆ ರಕ್ತದ ಸಕ್ಕರೆ ತೀರ ಕೆಳಗಿಳಿಯುತ್ತದೆ. ಉಪವಾಸದ ದಿನಗಳಲ್ಲಿ, ಜ್ವರ ಬಂದು ಊಟ ಬಿಟ್ಟ ದಿನಗಳಲ್ಲಿ ಈ ಒಂದು ವಾಕ್ಯ ಜೀವ ಉಳಿಸುತ್ತದೆ. ವಾಕ್ಯವನ್ನು ಚಿಕ್ಕದು ಮಾಡಿ, ಷರತ್ತನ್ನು ಕತ್ತರಿಸಬೇಡಿ.

ನಾಲ್ಕನೆಯದು, "ಆಗಬಹುದು" ಎಂಬ ಮಾತು. ಇನ್ಸುಲಿನ್ ಬೇಕಾಗಬಹುದು ಎಂದದ್ದು ಆದೇಶವಲ್ಲ. ಅದನ್ನು ಹಾಳೆಯಲ್ಲಿ ಬರೆದರೆ ತಾಯಿ ಹೆದರಿ ಕೂರುತ್ತಾರೆ, ಅಥವಾ ಮನೆಯವರು ಯಾರನ್ನೋ ಕೇಳಿ ಚುಚ್ಚುಮದ್ದಿಗೆ ಓಡಾಡುತ್ತಾರೆ. ಅದು ಮುಂದಿನ ಭೇಟಿಯಲ್ಲಿ ಕೇಳುವ ಪ್ರಶ್ನೆ ಅಷ್ಟೆ.

ಇದಲ್ಲದೆ ಒಂದು ಸಂದೇಹವೂ ಉಳಿದಿದೆ. ಟೆಲ್ಮಿಸಾರ್ಟಾನ್ ತಿಂಡಿಗೆ ಮೊದಲೋ ಅನಂತರವೋ ಎಂದು ಡಾಕ್ಟರರು ಹೇಳಲಿಲ್ಲ, ಚೀಟಿಯಲ್ಲೂ ಇಲ್ಲ. ಕಣ್ಣು ಕತ್ತಲೆ ಬಂದಾಗ ತಕ್ಷಣ ಏನು ಕೊಡಬೇಕೆಂದೂ ಹೇಳಿಲ್ಲ. ಇಂಥದ್ದನ್ನು ಊಹಿಸಿ ತುಂಬಬಾರದು. ಸೊಸೆ ಮರುದಿನ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿ ಉತ್ತರ ತಂದಳು ಎಂದಿಟ್ಟುಕೊಳ್ಳೋಣ: ಟೆಲ್ಮಿಸಾರ್ಟಾನ್ ತಿಂಡಿಗೆ ಮೊದಲೂ ಆಗಬಹುದು, ಅನಂತರವೂ ಆಗಬಹುದು, ದಿನವೂ ಒಂದೇ ಹೊತ್ತಿಗೆ ಇರಲಿ, ಬೆವರಿ ನಡುಗಿದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಬೇಕು, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮೂರು ಸಣ್ಣ ಚಮಚವೆಂದರೆ ಸುಮಾರು 15 ಗ್ರಾಂ. ಸಕ್ಕರೆ.

ಹಾಳೆ ಹೀಗಿರಲಿ

ಮೇಲೆ ರೋಗಿಯ ಹೆಸರು, ಡಾಕ್ಟರರನ್ನು ನೋಡಿದ ದಿನಾಂಕ, ಫೋನ್ ನಂಬರು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ:

ನಿಲ್ಲಿಸಿದ್ದು
1. ಅಮ್ಲೋಡಿಪಿನ್ – ಇನ್ನು ಬೇಡ. (ಕಾಲು ಊದುತ್ತದೆ.)
2. ಗ್ಲಿಮೆಪಿರೈಡ್ 2 – ಇನ್ನು ಬೇಡ, ಅರ್ಧವೂ ಬೇಡ. (ಸಕ್ಕರೆ ತೀರ ಇಳಿಯುತ್ತದೆ.)

ದಿನವೂ ತೆಗೆದುಕೊಳ್ಳುವುದು
ಬೆಳಿಗ್ಗೆ ತಿಂಡಿಗೆ ಮೊದಲು: ಗ್ಲಿಮೆಪಿರೈಡ್ 1 – ಒಂದು ಮಾತ್ರೆ. (ಹೊಸತು, ಸಕ್ಕರೆಗೆ.) ತಿಂಡಿ ತಿನ್ನದ ದಿನ ಇದು ಬೇಡ.
ಬೆಳಿಗ್ಗೆ ತಿಂಡಿಯಾದ ಮೇಲೆ: ಮೆಟ್‌ಫಾರ್ಮಿನ್ 500 – ಒಂದು (ಹಳೆಯದೇ, ಸಕ್ಕರೆಗೆ), ಟೆಲ್ಮಿಸಾರ್ಟಾನ್ 40 – ಒಂದು (ಹೊಸತು, ರಕ್ತದೊತ್ತಡಕ್ಕೆ).
ಮಧ್ಯಾಹ್ನ: ಏನೂ ಇಲ್ಲ.
ರಾತ್ರಿ ಊಟವಾದ ಮೇಲೆ: ಮೆಟ್‌ಫಾರ್ಮಿನ್ 500 – ಒಂದು.

ಬೇಕಾದಾಗ ಮಾತ್ರ
ಮೊಣಕಾಲು ತೀರ ನೋವಾದರೆ ಪ್ಯಾರಾಸಿಟಮಾಲ್ 500 – ಒಂದು. ಇನ್ನೊಂದಕ್ಕೆ ಆರು ಗಂಟೆ ಕಾಯಬೇಕು. ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಅಂಗಡಿಯ ಬೇರೆ ನೋವಿನ ಮಾತ್ರೆ ಬೇಡವೇ ಬೇಡ.

ಊಟ, ನಡೆ
ತಿಂಡಿ ತಡ ಮಾಡಬಾರದು. ರಕ್ತದ ವರದಿ ಬರುವವರೆಗೆ ದಿನವೂ ಎಳನೀರು ಬೇಡ. ಚಪ್ಪಲಿ ಹಾಕಿಯೇ ತೋಟಕ್ಕೆ.

ಎಚ್ಚರಿಕೆ
ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ: ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ, ಕೂಡಲೇ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್.
ವಾಂತಿ ಭೇದಿ ನಿಲ್ಲದಿದ್ದರೆ: ಅದೇ ದಿನ ಡಾಕ್ಟರರಿಗೆ ಫೋನ್.

ದಿನಾಂಕ
ಎರಡು ವಾರಕ್ಕೆ ರಕ್ತ ಪರೀಕ್ಷೆ (ಕ್ರಿಯಾಟಿನಿನ್, ಪೊಟ್ಯಾಸಿಯಂ): ಇಂಥ ತಾರೀಖು. ತಿಂಗಳಿಗೆ ಡಾಕ್ಟರರ ಭೇಟಿ: ಇಂಥ ತಾರೀಖು.

ಹತ್ತು ನಿಮಿಷದ ಮಾತು ಇಷ್ಟಕ್ಕೆ ಇಳಿಯಿತು. ಆವರಣದೊಳಗಿನ ಒಂದೆರಡು ಪದದ ಕಾರಣವನ್ನು ಬಿಡಬೇಡಿ. ಏಕೆಂದು ತಿಳಿದ ರೋಗಿ ಪಕ್ಕದ ಮನೆಯವರ ಮಾತು ಕೇಳಿ ಹಳೆಯ ಮಾತ್ರೆಗೆ ಮರಳುವುದು ಕಡಿಮೆ. "ಎರಡು ವಾರ" ಎಂದಷ್ಟೇ ಬರೆಯದೆ ಕ್ಯಾಲೆಂಡರ್ ನೋಡಿ ತಾರೀಖನ್ನೇ ಹಾಕಿ. ಎರಡು ವಾರ ಎಲ್ಲಿಂದ ಎಂದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. 1-0-1 ಎಂಬ ಅಂಕಿಗಳನ್ನು ಹಾಳೆಗೆ ತರಬೇಡಿ, ಹೊತ್ತನ್ನು ಮಾತಿನಲ್ಲೇ ಬರೆಯಿರಿ.

ಮಾತ್ರೆಯ ಹೆಸರಿನ ವಿಷಯ

ಕಂಪೆನಿಗಳು ಒಂದೇ ಮದ್ದಿಗೆ ಬೇರೆ ಬೇರೆ ಹೆಸರಿಡುತ್ತವೆ. ದೊಡ್ಡ ಅಕ್ಷರದ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಮೂಲ ಮದ್ದಿನ ಹೆಸರೂ, ಎಷ್ಟು ಮಿ.ಗ್ರಾಂ. ಎಂಬುದೂ ಇರುತ್ತವೆ. ಹಾಳೆಯಲ್ಲಿ ಮೂಲ ಹೆಸರನ್ನು ಬರೆಯಿರಿ, ಪಕ್ಕದಲ್ಲಿ ಬೇಕಾದರೆ ಕಂಪೆನಿಯ ಹೆಸರು. ಡಾಕ್ಟರರು ಮೂಲ ಹೆಸರಿನಲ್ಲಿ, ಓದಲು ಬರುವ ಅಕ್ಷರದಲ್ಲಿ ಚೀಟಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ಸೂಚಿಸಿತ್ತು. ಹೀಗೆ ಬರೆದರೆ ಇನ್ನೊಂದು ಲಾಭವಿದೆ: ಇಲ್ಲಿಯ ಡಾಕ್ಟರರೂ ಮಂಗಳೂರಿನ ಡಾಕ್ಟರರೂ ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ಕೊಟ್ಟಿದ್ದರೆ ಹಾಳೆಯ ಮೇಲೆ ಒಂದೇ ಹೆಸರು ಎರಡು ಸಲ ಕಾಣಿಸುತ್ತದೆ. ಆಗ ಎರಡನ್ನೂ ನುಂಗುವ ಮೊದಲು ಕೇಳಬಹುದು.

ಓದಲು ಬಾರದವರಿಗಾಗಿ ಸೂರ್ಯ, ಚಂದ್ರರ ಚಿತ್ರ ಬರೆದು, ಅದರ ಪಕ್ಕದಲ್ಲಿ ಖಾಲಿಯಾದ ಮಾತ್ರೆಯ ಪಟ್ಟಿಯ ಹೆಸರಿರುವ ತುಂಡನ್ನು ಅಂಟಿಸಿ. "ಕೆಂಪು ಮಾತ್ರೆ", "ಬಿಳಿ ಮಾತ್ರೆ" ಎಂದು ಬಣ್ಣವನ್ನು ಮಾತ್ರ ನಂಬಬೇಡಿ. ಕಂಪೆನಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಎರಡು ಮದ್ದುಗಳಲ್ಲಿ ಮಾತ್ರ ಇನ್ನೂ ಹೆಚ್ಚು ಎಚ್ಚರ ಬೇಕು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದು ದಿನದ ಮದ್ದು. ದಿನವೂ ತಿಂದವರು ಸತ್ತದ್ದುಂಟು. ಅದನ್ನು 'ವಾರಕ್ಕೊಮ್ಮೆ' ಎಂದು ಬರೆದು ನಿಲ್ಲಿಸದೆ 'ಸೋಮವಾರ ಮಾತ್ರ' ಎಂದು ಡಾಕ್ಟರರು ಹೇಳಿದ ದಿನದ ಹೆಸರು ಹಾಕಿ. ಇನ್ಸುಲಿನ್ ಆದರೆ '10 ಯೂನಿಟ್' ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಅಂಕಿಗೆ ಅಂಟಿಸಿದರೆ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆದೀತು.

ಬರೆದಾದ ಮೇಲೆ

ಹಾಳೆಯನ್ನು ರೋಗಿಯ ಕೈಗೆ ಕೊಟ್ಟು "ಅರ್ಥವಾಯಿತೇ?" ಎಂದು ಕೇಳಬೇಡಿ. ಎಲ್ಲರೂ ಹೌದೆನ್ನುತ್ತಾರೆ. ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, "ಅಮ್ಮಾ, ನಾಳೆ ಬೆಳಿಗ್ಗೆ ಯಾವುದನ್ನು ತೆಗೆದುಕೊಳ್ಳುತ್ತೀರಿ, ತೋರಿಸಿ. ತಿಂಡಿ ಬೇಡವೆನಿಸಿದರೆ ಯಾವುದನ್ನು ಬಿಡುತ್ತೀರಿ?" ಎಂದು ಕೇಳಿ. ಅವರು ತಪ್ಪಾದ ಪಟ್ಟಿಯನ್ನು ಎತ್ತಿದರೆ ಗದರಬೇಡಿ. ಆ ಸಾಲನ್ನು ಇನ್ನೂ ಸರಳವಾಗಿ ಬರೆಯಬೇಕೆಂದು ಅದರ ಅರ್ಥ. ನಿಲ್ಲಿಸಿದ ಮಾತ್ರೆಗಳನ್ನು ಅದೇ ಹೊತ್ತಿಗೆ ಡಬ್ಬಿಯಿಂದ ತೆಗೆದು ಬೇರೆ ಕವರಿನಲ್ಲಿ ಹಾಕಿ, ಮುಂದಿನ ಭೇಟಿಗೆ ಡಾಕ್ಟರರ ಬಳಿಗೇ ಕೊಂಡೊಯ್ಯಿರಿ.

ನಮ್ಮದೇ ಸಲಹೆಯನ್ನು ಹಾಳೆಯೊಳಗೆ ಸೇರಿಸಬಾರದು. ಹಾಗಲಕಾಯಿ ರಸ, ಮೆಂತ್ಯದ ನೀರು ಒಳ್ಳೆಯದೆಂದು ನಿಮಗನಿಸಬಹುದು. ಡಾಕ್ಟರರು ಹೇಳದಿದ್ದರೆ ಅದು ಹಾಳೆಯ ಹಿಂಬದಿಯಲ್ಲಿ 'ಕೇಳಬೇಕಾದ್ದು' ಎಂಬ ತಲೆಬರಹದ ಕೆಳಗೆ ಇರಲಿ. ಮೆಡಿಕಲ್ ಶಾಪಿನವರಿಗೆ ತೋರಿಸಬೇಕಾದದ್ದು ಡಾಕ್ಟರರ ಚೀಟಿಯನ್ನೇ ಹೊರತು ನಿಮ್ಮ ಹಾಳೆಯನ್ನಲ್ಲ. ರೆಕಾರ್ಡನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಬೇಡಿ; ಅದರಲ್ಲಿ ರೋಗಿಯ ಗುಟ್ಟಿದೆ, ಡಾಕ್ಟರರ ಧ್ವನಿಯಿದೆ. ಮುಂದಿನ ಭೇಟಿಯವರೆಗೆ ಇಟ್ಟುಕೊಂಡು ಅನಂತರ ಅಳಿಸಿಬಿಡಿ.

ಮುಂದಿನ ಸಲ ಡಾಕ್ಟರರು ಒಂದೇ ಒಂದು ಮಾತ್ರೆಯನ್ನು ಬದಲಾಯಿಸಿದರೂ ಹಳೆಯ ಹಾಳೆಯ ಮೇಲೆ ಗೀಟು ಹಾಕಿ ತಿದ್ದಬೇಡಿ. ಹೊಸ ತಾರೀಖು ಹಾಕಿ ಹೊಸ ಹಾಳೆ ಬರೆಯಿರಿ, ಹಳೆಯದನ್ನು ಹರಿದುಹಾಕಿ. ಗೋಡೆಯ ಮೇಲೆ ಯಾವಾಗಲೂ ಒಂದೇ ಹಾಳೆ ಇರಲಿ.